ಸರಳು ತುಂಡಾಗಿದೆ, ಉತ್ತರಕ್ಕೆ ಮಾತ್ರ ಟಿಕ್ ಬಿದ್ದಿದೆ

ಇವತ್ತು ಅಕ್ಕನ ಮಗಳ ನೋಟ್ಸ್ ನೋಡಿ ತಲೆ ಕೆಟ್ಟುಹೋಯಿತು. ಅವಳನ್ನು ಬೈಯುತ್ತಿಲ್ಲ. ಅವಳಿಗೆ ಯಾರೋ ಬಿಡಿಸಿ ಕೊಟ್ಟ ಲೆಕ್ಕ ಅದು. ದುಂಡಗಿನ ಅಕ್ಷರ, ಉತ್ತರದ ಸುತ್ತ ಚೌಕ, ಪಕ್ಕದಲ್ಲಿ ಕೆಂಪು ಟಿಕ್. ಒಳಗಿರುವ ಸರಳು ಮಾತ್ರ ಎರಡು ತುಂಡಾಗಿ ಬಿದ್ದಿದೆ. ಯಾರೂ ಗಮನಿಸಿಲ್ಲ.

ನನ್ನ ಹೊಟ್ಟೆಪಾಡು ಏನು, ಇಂಥದ್ದು ಕಂಡರೆ ನಾನು ಹೇಗೆ ಆಡುತ್ತೇನೆ ಅಂತ ನಿಮಗೆಲ್ಲ ಗೊತ್ತು. ಹಾಗಾಗಿ ನೇರವಾಗಿ ಲೆಕ್ಕಕ್ಕೇ ಬರುತ್ತೇನೆ.

ಎರಡು ಗೋಡೆ. ಒಂದಿಷ್ಟೂ ಜಗ್ಗದ ಗೋಡೆ. ನಡುವೆ ಒಂದು ಉಕ್ಕಿನ ಸರಳು, ಎರಡೂ ತುದಿ ಗೋಡೆಗೆ ಗಟ್ಟಿಯಾಗಿ ಹಿಡಿದಿದೆ. ಎಡಭಾಗ ದಪ್ಪ: ಉದ್ದ 400 ಮಿ.ಮೀ., ವಿಸ್ತೀರ್ಣ 1200 ಚದರ ಮಿ.ಮೀ. ಬಲಭಾಗ ಸಣ್ಣ: ಉದ್ದ 600, ವಿಸ್ತೀರ್ಣ 600. ದಪ್ಪ ಮುಗಿದು ಸಣ್ಣದು ಶುರುವಾಗುವ ಜಾಗದಲ್ಲಿ 120 ಕಿಲೋನ್ಯೂಟನ್ ಲೋಡು, ಬಲಗಡೆಗೆ. ಯಾವ ಗೋಡೆ ಎಷ್ಟು ತಡೆಯುತ್ತದೆ? ಪ್ರಶ್ನೆ ಇಷ್ಟೇ.

ಎಡಗೋಡೆ ಸರಳನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಅದು R1. ಬಲಗೋಡೆ ಎದುರಿನಿಂದ ಒತ್ತಿ ತಡೆಯುತ್ತದೆ. ಅದು R2. ಸರಳು ಅಲ್ಲಾಡದೆ ನಿಂತಿದೆ ಅಂದಮೇಲೆ

R1 + R2 = 120

ಇಲ್ಲಿಗೆ ಸಮತೋಲನ ಹೇಳುವ ಮಾತು ಮುಗಿಯಿತು. ಗೊತ್ತಿಲ್ಲದ್ದು ಎರಡು, ಸಮೀಕರಣ ಒಂದು. 100 ಮತ್ತು 20 ಹಾಕಿ, ಸರಿಹೋಗುತ್ತದೆ. 60 ಮತ್ತು 60 ಹಾಕಿ, ಅದೂ ಸರಿಹೋಗುತ್ತದೆ. ಇದಕ್ಕೇ ಇದನ್ನು ಸ್ಟ್ಯಾಟಿಕಲಿ ಇಂಡಿಟರ್ಮಿನೇಟ್ ಅನ್ನುವುದು. ಬಲಗಳ ಲೆಕ್ಕವೊಂದರಿಂದಲೇ ಉತ್ತರ ಬರುವುದಿಲ್ಲ.

ಇಲ್ಲಿ ನೋಟ್ಸ್ ಬರೆದ ಮಹಾನುಭಾವರು ಏನು ಮಾಡಿದ್ದಾರೆ ಗೊತ್ತಾ? ಬಾಯಿಪಾಠದ ಸೂತ್ರ ತೆಗೆದಿದ್ದಾರೆ. ಎಡಗೋಡೆಗೆ P·b/L, ಬಲಗೋಡೆಗೆ P·a/L. P ಅಂದರೆ ಲೋಡು, a ಎಡಭಾಗದ ಉದ್ದ, b ಬಲಭಾಗದ ಉದ್ದ, L ಒಟ್ಟು ಉದ್ದ. ಅಂದರೆ 120ನ್ನು 600ರಿಂದ ಗುಣಿಸಿ 1000ದಿಂದ ಭಾಗಿಸಿದರೆ 72. ಉಳಿದ 48 ಬಲಕ್ಕೆ. ಚೌಕ ಹಾಕು, ಟಿಕ್ ಹಾಕು, ಮುಂದಿನ ಲೆಕ್ಕ.

ನಾನು ತಪ್ಪು ಅಂದೆ. ಅವಳು, "ಮಾಮ, ಎರಡೂ ಸೇರಿಸಿದ್ರೆ 120 ಬರುತ್ತಲ್ವಾ?" ಅಂದಳು.

ಬರುತ್ತದೆ ಕಣಮ್ಮ. ಯಾವ ಎರಡು ಸಂಖ್ಯೆಯನ್ನು ಸೇರಿಸಿ 120 ಮಾಡಿದರೂ 120 ಬರುತ್ತದೆ. ಅದೇ ತಾನೇ ಸಮಸ್ಯೆ! ಈ ತಪ್ಪನ್ನು ಸಮತೋಲನದಿಂದ ಹಿಡಿಯೋಕೆ ಆಗುವುದೇ ಇಲ್ಲ. ಹಿಡಿಯಬೇಕು ಅಂದರೆ ಬೇರೆ ಪ್ರಶ್ನೆ ಕೇಳಬೇಕು: ಸರಳು ಇನ್ನೂ ಒಂದೇ ತುಂಡಾಗಿದೆಯಾ?

ಕೇಳಿ ನೋಡೋಣ. ಒಂದು ಭಾಗ ಎಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ ಅಂದರೆ, ಬಲ ಇಂಟು ಉದ್ದ, ಅದನ್ನು ವಿಸ್ತೀರ್ಣ ಮತ್ತು E ಎರಡರಿಂದಲೂ ಭಾಗಿಸಬೇಕು. E ಅಂದರೆ ಹಿಗ್ಗುವುದನ್ನೂ ಕುಗ್ಗುವುದನ್ನೂ ಆ ಲೋಹ ಎಷ್ಟು ತಡೆಯುತ್ತದೆ ಅನ್ನುವ ಅಳತೆ. ಉಕ್ಕಿಗೆ E ಸುಮಾರು 200 ಗಿಗಾಪ್ಯಾಸ್ಕಲ್, ಅಂದರೆ ಒಂದು ಚದರ ಮಿ.ಮೀ.ಗೆ 2,00,000 ನ್ಯೂಟನ್. ನೋಟ್ಸಿನ 72 ಹಾಕಿದರೆ ಎಡಭಾಗ 0.12 ಮಿ.ಮೀ. ಹಿಗ್ಗುತ್ತದೆ. 48 ಹಾಕಿದರೆ ಬಲಭಾಗ 0.24 ಮಿ.ಮೀ. ಕುಗ್ಗುತ್ತದೆ. ಎರಡೂ ಭಾಗ ಸೇರುವ ಜಾಗ ಒಂದೇ ತಾನೇ? ಎಡಗಡೆಯಿಂದ ಲೆಕ್ಕ ಹಾಕಿದರೆ ಆ ಜಾಗ 0.12 ಬಲಕ್ಕೆ ಸರಿದಿದೆ. ಬಲಗಡೆಯಿಂದ ಲೆಕ್ಕ ಹಾಕಿದರೆ 0.24 ಸರಿದಿದೆ. ನಡುವೆ 0.12 ಮಿ.ಮೀ. ಬಿರುಕು! ಸರಳು ತುಂಡಾಗಿದೆ ಅಂದದ್ದು ಇದಕ್ಕೇ.

ಈಗ ಸರಿಯಾಗಿ ಮಾಡೋಣ. ಗೋಡೆಗಳು ಜಗ್ಗುವುದಿಲ್ಲ, ಹಾಗಾಗಿ ಸರಳಿನ ಒಟ್ಟು ಉದ್ದ ಬದಲಾಗುವ ಹಾಗಿಲ್ಲ. ಎಡಭಾಗ ಎಷ್ಟು ಹಿಗ್ಗುತ್ತದೋ ಬಲಭಾಗ ಅಷ್ಟೇ ಕುಗ್ಗಬೇಕು. ಕಂಪ್ಯಾಟಿಬಿಲಿಟಿ ಅಂತ ದೊಡ್ಡ ಹೆಸರಿಟ್ಟು ಮಕ್ಕಳನ್ನು ಹೆದರಿಸುವುದು ಇಷ್ಟಕ್ಕೆ. ಬರೆದರೆ:

R1 × 400 / (1200 × E) = R2 × 600 / (600 × E)

ಎರಡೂ ಕಡೆ ಒಂದೇ ಉಕ್ಕು, E ಹೊಡೆದುಹೋಗುತ್ತದೆ. R1 / 3 = R2. ಅಂದರೆ R1 ಎನ್ನುವುದು R2ರ ಮೂರು ಪಟ್ಟು. ಮೊದಲ ಸಮೀಕರಣಕ್ಕೆ ಹಾಕಿ. R1 = 90, R2 = 30. ಮುಗಿಯಿತು. ಒಂದು ಸಾಲು ಜಾಸ್ತಿ, ಅಷ್ಟೇ. ತಾಳೆ ನೋಡಿ: 90 ಹಾಕಿದರೆ ಎಡಭಾಗ 0.15 ಹಿಗ್ಗುತ್ತದೆ, 30 ಹಾಕಿದರೆ ಬಲಭಾಗ 0.15 ಕುಗ್ಗುತ್ತದೆ. ಸರಳು ಒಂದೇ ತುಂಡು.

"72 ಆದರೇನು, 90 ಆದರೇನು, ಸ್ವಲ್ಪ ಹೆಚ್ಚುಕಮ್ಮಿ" ಅನ್ನುವವರು ಇದ್ದಾರೆ. ಅವರು ಸ್ಟ್ರೆಸ್ ನೋಡಲಿ, ಅಂದರೆ ಪ್ರತಿ ಭಾಗದ ಬಲವನ್ನು ಅದರ ವಿಸ್ತೀರ್ಣದಿಂದ ಭಾಗಿಸಿದ್ದು. ತಪ್ಪು ಲೆಕ್ಕದಲ್ಲಿ ಎಡಭಾಗಕ್ಕೆ 60 ಮೆಗಾಪ್ಯಾಸ್ಕಲ್, ಬಲಭಾಗಕ್ಕೆ 80. ಸರಿಯಾದ ಲೆಕ್ಕದಲ್ಲಿ ಎಡಕ್ಕೆ 75, ಬಲಕ್ಕೆ 50. ಅಂದರೆ ಯಾವ ಭಾಗದ ಬಗ್ಗೆ ಹೆದರಬೇಕು ಅನ್ನುವುದೇ ತಿರುಗಿಬಿದ್ದಿದೆ. ನೋಟ್ಸ್ ನಂಬಿದವರು ಬಲಭಾಗವನ್ನು ಇನ್ನಷ್ಟು ದಪ್ಪ ಮಾಡುತ್ತಾರೆ. ಕಷ್ಟದಲ್ಲಿರುವುದು ಎಡಭಾಗ.

ಹಾಗಾದರೆ P·b/L ಸುಳ್ಳಾ? ಅಲ್ಲ. ಇಡೀ ಸರಳು ಒಂದೇ ದಪ್ಪ, ಒಂದೇ ಲೋಹ ಆಗಿದ್ದರೆ ಕಂಪ್ಯಾಟಿಬಿಲಿಟಿ ಸಾಲಿನಲ್ಲಿ ವಿಸ್ತೀರ್ಣವೂ ಹೊಡೆದುಹೋಗುತ್ತದೆ, ಬರೀ ಉದ್ದ ಉಳಿಯುತ್ತದೆ. ಆಗ P·b/L ತಾನಾಗಿ ಬರುತ್ತದೆ. ಹತ್ತಿರದ ಗೋಡೆಗೆ ಜಾಸ್ತಿ, ದೂರದ ಗೋಡೆಗೆ ಕಮ್ಮಿ. ಅಂದರೆ ಈ ಸೂತ್ರ ಕಂಪ್ಯಾಟಿಬಿಲಿಟಿಯ ಮಗು. ಅಮ್ಮನನ್ನು ಮನೆಯಿಂದ ಓಡಿಸಿ ಮಗುವನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ಬಾಯಿಪಾಠವೇ ಬೇಕು ಅನ್ನುವವರಿಗೆ ನಾನೇ ಒಂದು ಕೊಡುತ್ತೇನೆ, ಅದಾದರೂ ಸುಳ್ಳು ಹೇಳುವುದಿಲ್ಲ. ಪ್ರತಿ ಭಾಗದ ಗಡಸುತನ, ಅಂದರೆ ಸ್ಟಿಫ್‌ನೆಸ್, AE/L, ಇಲ್ಲಿ A ಆ ಭಾಗದ ವಿಸ್ತೀರ್ಣ, L ಆ ಭಾಗದ ಉದ್ದ. ನಮ್ಮ ಎಡಭಾಗಕ್ಕೆ ಅದು ಮಿ.ಮೀ.ಗೆ 600 ಕಿಲೋನ್ಯೂಟನ್, ಬಲಭಾಗಕ್ಕೆ 200. ಲೋಡು ಈ ಗಡಸುತನದ ಪ್ರಮಾಣದಲ್ಲೇ ಹಂಚಿಹೋಗುತ್ತದೆ, ಮೂರಕ್ಕೆ ಒಂದು. ಚಿತ್ರ ನೋಡಿದರೆ ಎರಡು ಭಾಗ ಒಂದರ ಹಿಂದೆ ಒಂದು ನಿಂತ ಹಾಗಿದೆ, ಸೀರೀಸ್ ಅನಿಸುತ್ತದೆ. ಆದರೆ ಲೋಡು ನಡುವೆ ಕೂತಿದೆ, ಆ ಒಂದು ಬಿಂದು ಎಷ್ಟು ಸರಿಯುತ್ತದೋ ಎರಡೂ ಭಾಗ ಅಷ್ಟೇ ಬದಲಾಗಬೇಕು. ಹಾಗಾಗಿ ಅವು ಪ್ಯಾರಲಲ್. ಈ ಸಾಲು ಮೊದಲ ಸಲ ಹೊಳೆದಾಗ ನನಗೆ ಸುಮ್ನೆ ನಗು ಬಂದಿತ್ತು. ಈಗಲೂ ಬರುತ್ತದೆ. ವಯಸ್ಸಾದರೂ ಇಂಥ ಹುಚ್ಚು ಬಿಟ್ಟಿಲ್ಲ, ಏನು ಮಾಡಲಿ.

ಇನ್ನು ಮಾಮೂಲಿ ವಾದ: "ಪರೀಕ್ಷೆಯಲ್ಲಿ ಟೈಮ್ ಎಲ್ಲಿರುತ್ತೆ, ಕೆಲಸಕ್ಕೆ ಸೇರಿದ ಮೇಲೆ ಎಲ್ಲ ಸಾಫ್ಟ್‌ವೇರ್ ಮಾಡುತ್ತೆ." ಒಂದು ಸಾಲು ಬರೆಯೋಕೆ ಟೈಮ್ ಇಲ್ಲ, ಉತ್ತರದ ಸುತ್ತ ಸ್ಕೇಲ್ ಇಟ್ಟು ಚೌಕ ಎಳೆಯೋಕೆ ಟೈಮ್ ಇದೆ. ಆಯ್ತು ಸ್ವಾಮಿ. ಸಾಫ್ಟ್‌ವೇರ್ ವಿಷಯ ಒಪ್ಪುತ್ತೇನೆ, ಅದು ಕಂಪ್ಯಾಟಿಬಿಲಿಟಿಯನ್ನು ಎಂದೂ ಮರೆಯುವುದಿಲ್ಲ. ಆದರೆ ತುದಿಯಲ್ಲಿ ಗೋಡೆ ನಿಜವಾಗಿ ಜಗ್ಗುವುದಿಲ್ಲವಾ ಅಂತ ಅದಕ್ಕೆ ಹೇಳುವವರು ನೀವು. ಸಪೋರ್ಟ್ ಫಿಕ್ಸ್ ಅಂತ ಒಂದು ಬಟನ್ ಒತ್ತಿದಿರಿ, ಅದು ನಂಬಿತು.

ಆ ಬಟನ್ನಿನ ಬೆಲೆ ಎಷ್ಟು ಅಂತ ನೋಡಬೇಕಾ? ಅದೇ ಸರಳು, ಅದೇ ಲೋಡು. ಬಲತುದಿಗೂ ಗೋಡೆಗೂ ನಡುವೆ 0.1 ಮಿ.ಮೀ. ಸಂದು ಇದೆ ಅಂದುಕೊಳ್ಳಿ. ಒಂದು ಕಾಗದದ ದಪ್ಪ. ಮೊದಲು ಕೇಳಬೇಕಾದದ್ದು: ಸರಳು ಗೋಡೆಯನ್ನು ಮುಟ್ಟುತ್ತದಾ? ಬಲಗೋಡೆ ಇಲ್ಲವೇ ಇಲ್ಲ ಅಂದುಕೊಂಡರೆ ಪೂರ್ತಿ 120 ಎಡಭಾಗದ ಮೇಲೆ, ಅದು 0.2 ಹಿಗ್ಗುತ್ತದೆ. ಬಲಭಾಗ ಹಾಗೇ ಮುಂದಕ್ಕೆ ಸರಿಯುತ್ತದೆ. 0.2 ಎನ್ನುವುದು 0.1ಕ್ಕಿಂತ ಜಾಸ್ತಿ, ಹಾಗಾಗಿ ಮುಟ್ಟುತ್ತದೆ. ಈಗ ಕಂಪ್ಯಾಟಿಬಿಲಿಟಿ ಸಾಲು ಸ್ವಲ್ಪ ಬದಲಾಗುತ್ತದೆ. ಎಡಭಾಗ ಹಿಗ್ಗಿದ್ದರಲ್ಲಿ ಬಲಭಾಗ ಕುಗ್ಗಿದ್ದನ್ನು ಕಳೆದರೆ ಸೊನ್ನೆ ಬರಬಾರದು, 0.1 ಬರಬೇಕು. ಇಲ್ಲಿ E ಹೊಡೆದುಹೋಗುವುದಿಲ್ಲ, ಜ್ಞಾಪಕ ಇರಲಿ. ಎರಡೂ ಕಡೆ E ಯಿಂದ ಗುಣಿಸಿ ಕಿಲೋನ್ಯೂಟನ್ನಿನಲ್ಲಿ ಬರೆದರೆ

R1 / 3 − R2 = 20

R1 = 105, R2 = 15. ಬಲಗೋಡೆಯ ಪಾಲು 30ರಿಂದ 15ಕ್ಕೆ ಇಳಿಯಿತು. ಒಂದು ಕಾಗದದಷ್ಟು ಸಂದಿಗೆ ಅರ್ಧ! ಎಡಭಾಗದ ಸ್ಟ್ರೆಸ್ 75ರಿಂದ 87.5ಕ್ಕೆ ಏರಿತು. ಸಂದು ಇಲ್ಲದೆ, ಗೋಡೆಯೇ ಆ ಒತ್ತಡಕ್ಕೆ 0.1 ಜಗ್ಗಿದರೂ ಇದೇ ಕಥೆ. ಒಂದೇ ಗೋಡೆಗೆ ಕಟ್ಟಿದ ಸರಳಿಗೆ ಈ ರಗಳೆ ಇಲ್ಲ. ಗೋಡೆ ಜಗ್ಗಲಿ ಬಿಡಲಿ, ಗೋಡೆ ತಡೆಯುವ ಬಲ, ಅದೇ ರಿಯಾಕ್ಷನ್, 120 ಅಂದರೆ 120. ಎರಡು ಗೋಡೆ ಬಂದ ಕೂಡಲೇ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಬಾಯಿ ತೆರೆಯುತ್ತದೆ.

ಮುಟ್ಟುತ್ತದಾ ಅಂತ ಕೇಳದೆ ಮುಂದೆ ಹೋದರೆ ಏನಾಗುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದೇ ನೋಟ್ಸಿನ ಮುಂದಿನ ಪುಟದಲ್ಲಿ ಇದೂ ಇತ್ತು. ಅಳತೆಗಳು ಬೇರೆ, ಎಡವಟ್ಟು ಒಂದೇ. ಸಂದು 0.25 ಮಿ.ಮೀ. ಅಂದುಕೊಳ್ಳಿ. ಸರಳು ಹಿಗ್ಗುವುದೇ 0.2. ಮುಟ್ಟುವುದೇ ಇಲ್ಲ. ಬಲಗೋಡೆಗೆ ಸೊನ್ನೆ, ಎಡಗೋಡೆಗೆ 120, ಕಂಪ್ಯಾಟಿಬಿಲಿಟಿಯ ಅಗತ್ಯವೇ ಇಲ್ಲ. ಕಣ್ಣುಮುಚ್ಚಿ ಸಾಲಿಗೆ ಹಾಕಿದರೆ R2 = −7.5 ಬರುತ್ತದೆ, R1 = 127.5. ಅಂದರೆ ಗೋಡೆ ತನಗೆ ತಾಗದೇ ಇರುವ ಸರಳನ್ನು ದೂರದಿಂದಲೇ ತನ್ನ ಕಡೆಗೆ ಎಳೆಯುತ್ತಿದೆ. ಇನ್ನೊಂದು ಗೋಡೆಗೆ ಹಾಕಿದ ಲೋಡಿಗಿಂತ ಜಾಸ್ತಿ ಪಾಲು. ನಡುವೆ ಒಂದೇ ಲೋಡು ಇರುವಾಗ ಎರಡೂ ರಿಯಾಕ್ಷನ್ ಸೊನ್ನೆಗೂ ಆ ಲೋಡಿಗೂ ನಡುವೆ ಇರಲೇಬೇಕು. ಆಚೆ ಹೋದರೆ ಒಂದೋ ಮುಟ್ಟದ ಗೋಡೆಯನ್ನು ಲೆಕ್ಕಕ್ಕೆ ಹಿಡಿದಿದ್ದೀರಿ, ಇಲ್ಲವೇ ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಒಂದೇ ಚಿಹ್ನೆ ಹಾಕಿದ್ದೀರಿ. ಸಂದಿಲ್ಲದ ಮೊದಲ ಲೆಕ್ಕದಲ್ಲೇ ಚಿಹ್ನೆ ತಪ್ಪಿಸಿ ನೋಡಿ, 180 ಮತ್ತು −60 ಬರುತ್ತದೆ. ಸೇರಿಸಿದರೆ ಅದೂ 120.

ಅದಕ್ಕೂ ಯಾರಾದರೂ ಚೌಕ ಎಳೆದು ಟಿಕ್ ಹಾಕಿಯೇ ಇರುತ್ತಾರೆ ಬಿಡಿ.