ಡೆಹ್ರಾಡೂನಿನ ಏರಿಗೆ ಮೈಸೂರಿನ ಲೆಕ್ಕ

ಮೈಸೂರಿಗೆ ಹೋದಾಗಲೆಲ್ಲ ನನ್ನ ಎಲೆಕ್ಟ್ರಿಕ್ ಸ್ಕೂಟರಿನ ಬಗ್ಗೆ ಕೇಳುವುದು ಒಂದೇ ಪ್ರಶ್ನೆ: "ಫುಲ್ ಚಾರ್ಜಿಗೆ ಎಷ್ಟು ಕಿಲೋಮೀಟರ್ ಕೊಡುತ್ತೆ?" ನಾನು ಈಗಿರುವ ಡೆಹ್ರಾಡೂನಿನಲ್ಲಿ ಅಕ್ಕಪಕ್ಕದವರು ಕೇಳುವುದು ಬೇರೆ: "ಮಸ್ಸೂರಿ ಮುಟ್ಟುವಾಗ ಬ್ಯಾಟರಿ ಎಷ್ಟು ಉಳಿದಿತ್ತು?" ಎರಡನೆಯದೇ ಸರಿಯಾದ ಪ್ರಶ್ನೆ ಅಂತ ನನಗೆ ಮನವರಿಕೆಯಾಗಿದೆ.

ಕಿಲೋಮೀಟರ್ ಕೇಳುವ ಅಭ್ಯಾಸ ನಮಗೆ ಪೆಟ್ರೋಲ್ ಗಾಡಿಯಿಂದ ಬಂದದ್ದು. ಪೆಟ್ರೋಲ್ ಎಂಜಿನ್ ಹೇಗೂ ಬಹುಪಾಲು ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ, ಹಾಗಾಗಿ ಏರು ಬಂದರೆ ಮೈಲೇಜು ಸ್ವಲ್ಪ ಇಳಿದಂತೆ ಕಾಣುತ್ತದೆ, ಅಷ್ಟೆ. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ವ್ಯರ್ಥವಾಗುವುದು ಕಡಿಮೆ. ಆದ್ದರಿಂದ ನಿಜವಾಗಿ ಮಾಡಿದ ಪ್ರತಿ ಕೆಲಸವೂ ಬ್ಯಾಟರಿಯ ಲೆಕ್ಕದಲ್ಲಿ ಎದ್ದು ಕಾಣುತ್ತದೆ.

ನನ್ನ ಗಾಡಿಯ ಬ್ಯಾಟರಿ 3 ಯೂನಿಟ್ಟಿನದು, ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್ಟು. ಸಮತಟ್ಟಾದ ರಸ್ತೆಯಲ್ಲಿ 40ರ ವೇಗದಲ್ಲಿ ಒಬ್ಬನೇ ಹೋದರೆ ಒಂದು ಯೂನಿಟ್ಟಿಗೆ ಸುಮಾರು 40 ಕಿ.ಮೀ. ಬರುತ್ತದೆ. ಗಾಡಿ ಮತ್ತು ನಾನು ಸೇರಿ 190 ಕೆ.ಜಿ. ಈ ಭಾರವನ್ನು 100 ಮೀಟರ್ ಎತ್ತರಕ್ಕೆ ಎತ್ತಲು, ಮೋಟರಿನಲ್ಲಿ ಪೋಲಾಗುವುದನ್ನೂ ಸೇರಿಸಿದರೆ, ಸಮತಟ್ಟಿನಲ್ಲಿ ಎರಡೂವರೆ ಕಿ.ಮೀ. ಓಡಿಸುವಷ್ಟು ಶಕ್ತಿ ಬೇಕು. ಡೆಹ್ರಾಡೂನಿನಿಂದ ಮಸ್ಸೂರಿಗೆ ಸುಮಾರು 35 ಕಿ.ಮೀ. ರಸ್ತೆ, ಸುಮಾರು 1,350 ಮೀಟರ್ ಏರು. ಅಂದರೆ ಏರಿಗೇ ಇನ್ನೊಂದು 35 ಕಿ.ಮೀ. ಕೂಡಿಸಬೇಕು. ಆ ದಾರಿ ಬ್ಯಾಟರಿಗೆ 70 ಕಿ.ಮೀ. ದಾರಿ.

ಹೋದ ಅಕ್ಟೋಬರಿನಲ್ಲಿ ಅಕ್ಕ, ಭಾವ ಬಂದಿದ್ದರು. ಭಾವನವರ ಗಾಡಿಯೂ ನನ್ನದರಂಥದ್ದೇ. "ನಾನು ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದ್ರೆ 20 ಪರ್ಸೆಂಟ್ ಇಳಿಯುತ್ತೆ ಅಷ್ಟೆ, ಗಾಡಿ ಕೊಡೋ" ಅಂದರು. ಚಾಮುಂಡಿ ಬೆಟ್ಟದ ಏರು ಸುಮಾರು 300 ಮೀಟರ್, ಮಸ್ಸೂರಿಯದು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಜೊತೆಗೆ ಇಬ್ಬರ ಭಾರ, ಒಟ್ಟು 250 ಕೆ.ಜಿ. ನಾನು ಮೊದಲೇ ಹೇಳಿದೆ: "ಭಾವ, ಮೇಲೆ ಹೋಗುವಷ್ಟರಲ್ಲಿ ಎರಡು ಯೂನಿಟ್ಟು ಹೋಗುತ್ತೆ. ಆದರೆ ಹೆದರಬೇಡಿ."

ಹೊರಟಾಗ ಪರದೆಯಲ್ಲಿ 110 ಕಿ.ಮೀ. ಇತ್ತು. ಮೇಲಿನಿಂದ ಫೋನ್ ಮಾಡಿದಾಗ ಅವರ ದನಿಯೇ ಬದಲಾಗಿತ್ತು. "34 ಪರ್ಸೆಂಟ್ ಇದೆ ಕಣೋ, 18 ಕಿಲೋಮೀಟರ್ ತೋರಿಸ್ತಿದೆ. ವಾಪಸ್ಸು 35 ಇದೆ. ಎಲ್ಲಾದ್ರೂ ಚಾರ್ಜಿಗೆ ಹಾಕ್ಲಾ?"

ಪರದೆಯ ಆ ಅಂಕಿ ಮುಂದಿನ ದಾರಿಯನ್ನು ನೋಡಿ ಬರುವುದಿಲ್ಲ. ಈಗಷ್ಟೇ ಓಡಿದ ಕಿಲೋಮೀಟರುಗಳ ಖರ್ಚನ್ನೇ ಮುಂದಕ್ಕೂ ಎಳೆದು ತೋರಿಸುತ್ತದೆ. ಹಾಗಾಗಿ ಬೆಟ್ಟದ ಬುಡದಲ್ಲಿ ಇಲ್ಲದ ಧೈರ್ಯ ಕೊಡುತ್ತದೆ, ತುದಿಯಲ್ಲಿ ಇಲ್ಲದ ಭಯ ಹುಟ್ಟಿಸುತ್ತದೆ. ಇಳಿಯುವಾಗ ಬಹುಪಾಲು ದಾರಿ ಇಳಿಜಾರೇ ಗಾಡಿಯನ್ನು ಓಡಿಸುತ್ತದೆ, ಬ್ರೇಕ್ ಹಿಡಿದಾಗ ಮೋಟರು ಒಂದಿಷ್ಟನ್ನು ಬ್ಯಾಟರಿಗೆ ಹಿಂತಿರುಗಿಸುತ್ತದೆ. ಏರಲು ಕೊಟ್ಟದ್ದೆಲ್ಲ ವಾಪಸ್ಸು ಬರುವುದಿಲ್ಲ, ಗಾಳಿ ಮತ್ತು ಟೈರಿಗೆ ಹೋದದ್ದು ಹೋದದ್ದೇ. ಹಾಗೇ ಬನ್ನಿ ಅಂದೆ. ಮನೆ ಮುಟ್ಟಿದಾಗ 31 ಪರ್ಸೆಂಟ್ ಇತ್ತು.

ಭಾರದ ಬಗ್ಗೆ ನಮ್ಮೂರಿನ ಭಯ ಮಾತ್ರ ಸ್ವಲ್ಪ ಅತಿ. ಸಮತಟ್ಟಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಹಿಂದೆ 60 ಕೆ.ಜಿ.ಯವರು ಕೂತರೆ ಖರ್ಚು ಹೆಚ್ಚುವುದು ಸುಮಾರು ಎಂಟನೇ ಒಂದು ಪಾಲು. ಸಿಗ್ನಲ್ಲುಗಳಲ್ಲಿ ನಿಂತು ಹೊರಟರೆ ಇನ್ನಷ್ಟು. ಭಾರ ನಿಜವಾಗಿ ಕಾಡುವುದು ಏರಿನಲ್ಲಿ. ಸಮತಟ್ಟಿನಲ್ಲಿ ಬ್ಯಾಟರಿಯನ್ನು ತಿನ್ನುವುದು ವೇಗ, ಏಕೆಂದರೆ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 40ರಿಂದ 60ಕ್ಕೆ ಹೋದರೆ ಗಾಳಿಯ ತಡೆ ಎರಡೂಕಾಲು ಪಟ್ಟು. ಹರಿದ್ವಾರದ ರಸ್ತೆಯಲ್ಲಿ 60ರಲ್ಲಿ ಹಿಡಿದು ಓಡಿಸಿದ ದಿನ ನನಗೆ 120ರ ಬದಲು 70 ಕಿ.ಮೀ.ಯ ಲೆಕ್ಕ ಬಿದ್ದಿತ್ತು. ಕಂಪನಿಗಳು ಹೇಳುವ ಸರ್ಟಿಫೈಡ್ ರೇಂಜಿನ ಭಾರತೀಯ ಪರೀಕ್ಷಾ ಚಕ್ರದಲ್ಲಿ ಗರಿಷ್ಠ ವೇಗವೇ 42 ಕಿ.ಮೀ., ಅಲ್ಲಿ ಏರಿಲ್ಲ. ಅದರ ಜೊತೆಗೆ 60ರ ವೇಗದ ಅಂಕಿಯನ್ನೂ, 100 ಮೀಟರ್ ಏರಿಗೆ ಎಷ್ಟು ಪರ್ಸೆಂಟ್ ಹೋಗುತ್ತದೆ ಎಂಬುದನ್ನೂ ಕಂಪನಿಗಳು ಅಚ್ಚು ಹಾಕಲೇಬೇಕು. ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಗಾಡಿ ಕೊಳ್ಳುವವರಿಗೆ ಆ ಎರಡನೇ ಅಂಕಿಯೇ ಬೇಕಾದದ್ದು.

ಮಸ್ಸೂರಿಯಲ್ಲೇ ಮನೆಯಿರುವ ಗೆಳೆಯರೊಬ್ಬರು ರಾತ್ರಿ 90 ಪರ್ಸೆಂಟಿಗೇ ಚಾರ್ಜ್ ನಿಲ್ಲಿಸುತ್ತಾರೆ. ತುಂಬಿದ ಬ್ಯಾಟರಿ ಮತ್ತೆ ಕರೆಂಟ್ ತೆಗೆದುಕೊಳ್ಳುವುದಿಲ್ಲ, ಆಗ ಬೆಳಿಗ್ಗೆ ಇಳಿಯುವಾಗ ಮೋಟರಿನ ಹಿಡಿತ ಸಿಗದೆ ಗಾಡಿ ಜಾರಿದಂತೆ ಓಡುತ್ತದೆ, ಭಾರವೆಲ್ಲ ಬ್ರೇಕಿನ ಮೇಲೇ ಬೀಳುತ್ತದೆ. ಬೆಟ್ಟದ ಮೇಲೆ ಮನೆಯಿರುವ ನಮ್ಮ ಕಡೆಯವರಿಗೂ ನಾನು ಅದನ್ನೇ ಹೇಳುತ್ತಿದ್ದೇನೆ.