‘ಮಾಡಿಸೋಣ’ ಎಂದವರ ಹೆಸರನ್ನು ಎಲ್ಲಿ ಬರೆಯುವುದು?

ಸಕಲೇಶಪುರದ ಕಡೆಯ ನಮ್ಮ ಹದಿನಾಲ್ಕು ಸಣ್ಣ ಕಾಫಿ ಬೆಳೆಗಾರರ ಗುಂಪಿಗೆ ಸೇರಿದ್ದೆಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಒಂದು ಪಲ್ಪರ್, ಒಂದು ಒಣಕಣ ಮತ್ತು ಒಂದು ಶೆಡ್ಡು. ಇವು ಮೂರನ್ನೂ ಅರೇಬಿಕಾ ಕೊಯ್ಲಿಗೆ ಮೊದಲು ಸಿದ್ಧಗೊಳಿಸಲು ಪ್ರತಿ ವರ್ಷ ಅಕ್ಟೋಬರಿನಲ್ಲಿ ಸಭೆ ಸೇರುತ್ತೇವೆ. ಕಾರ್ಯದರ್ಶಿಯಾದ ನಾನು ಸಭೆಯ ಮಾತುಗಳನ್ನು ಗೀಚಿಕೊಂಡು, ಮರುದಿನ ‘ಕೆಲಸ, ಹೊಣೆ, ಗಡುವು’ ಎಂಬ ಕೋಷ್ಟಕ ಮಾಡಿ ವಾಟ್ಸಾಪ್ ಗುಂಪಿಗೆ ಕಳುಹಿಸುತ್ತೇನೆ. ಇದನ್ನು ಗುಮಾಸ್ತಿಕೆಯ ಕೆಲಸವೆಂದೇ ಬಹಳ ಕಾಲ ತಿಳಿದಿದ್ದೆ. ಹಿಂದಿನ ವರ್ಷದ ಒಂದು ಜಗಳದ ನಂತರ ಆ ಅಭಿಪ್ರಾಯ ಬದಲಾಯಿತು.

ಆ ಸಭೆಯಲ್ಲಿ ಪಲ್ಪರ್ ರಿಪೇರಿಯ ಮಾತು ಬಂದಾಗ ನಮ್ಮ ಖಜಾಂಚಿಯವರು ‘ಮೆಕ್ಯಾನಿಕ್ ನಂಬರ್ ನನ್ನ ಹತ್ರ ಇದೆ’ ಎಂದಿದ್ದರು. ನಾನು ಮನೆಗೆ ಬಂದು ರಿಪೇರಿಯ ಸಾಲಿನಲ್ಲಿ ಹೊಣೆಯ ಕಾಲಮ್ಮಿಗೆ ಅವರ ಹೆಸರನ್ನೇ ಹಾಕಿದೆ. ಅವರು ಕೋಷ್ಟಕವನ್ನು ತೆರೆದು ನೋಡಲಿಲ್ಲ, ಉಳಿದವರು ನೋಡಿ ನಿಶ್ಚಿಂತರಾದರು. ಹಣ್ಣು ಕೊಯ್ದು ತಂದ ದಿನ ಸವೆದ ತಗಡಿನಲ್ಲೇ ಪಲ್ಪರ್ ಓಡಿ, ಸಿಪ್ಪೆಯ ಜೊತೆ ಬೀಜವೂ ಕತ್ತರಿಸಿ ಬಂತು. ‘ನಂಬರ್ ಇದೆ ಅಂದೆ ಕಣ್ರೀ, ಕರೆಸ್ತೀನಿ ಅಂತ ಯಾವಾಗ ಅಂದೆ?’ ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಖಾಲಿ ಬಿಡಬೇಕಾಗಿದ್ದ ಕೋಶವನ್ನು ನಾನು ಊಹೆಯಿಂದ ತುಂಬಿದ್ದೆ.

ಈ ಸಲ, ಅಂದರೆ 2025ರ ಅಕ್ಟೋಬರ್ 5ರ ಭಾನುವಾರದ ಸಭೆಯ ಟಿಪ್ಪಣಿಯನ್ನು ನಾನು ಹೇಗೆ ಕೋಷ್ಟಕ ಮಾಡಿದೆನೆಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಹೆಸರುಗಳ ಬದಲು ಹುದ್ದೆ ಹಾಕಿರುವುದನ್ನು ಬಿಟ್ಟರೆ ಟಿಪ್ಪಣಿ ಇದ್ದ ಹಾಗೆಯೇ ಇದೆ:

‘ಪಲ್ಪರ್ ತಗಡು ಸವೆದಿದೆ, ಹೋದ ವರ್ಷ ಬೀಜ ಕಟ್ ಆಗಿ ಎಲ್ರಿಗೂ ಲಾಸು, ಹಾಸನದಿಂದ ಮೆಕ್ಯಾನಿಕ್ ಕರೆಸಿ ಮಾಡಿಸೋಣ, ಆಯ್ತು ನಾನೇ ಕರೆಸ್ತೀನಿ – ಖಜಾಂಚಿ. ಕಣದ ಬಿರುಕು, ಹಾಸನಾಂಬೆ ಬಾಗಿಲು ಹಾಕಿದ ಮೇಲೆ, ಮೇಸ್ತ್ರಿ ಗೊತ್ತು ಅಂದ್ರು ಉಪಾಧ್ಯಕ್ಷರು, ಅವ್ರೇ ನೋಡ್ಕೋತಾರೆ. ಮಳೆ ಇನ್ನೂ ನಿಂತಿಲ್ಲ. ತೇವಾಂಶ ಮೀಟರ್ ಯಾರ ಹತ್ರ? ನೋಡಬೇಕು. ಟಾರ್ಪಾಲ್ 6, ಆದಷ್ಟು ಬೇಗ, ಅಧ್ಯಕ್ಷರು. ಶೆಡ್ ವೈರಿಂಗ್ ರೈಟ್ರು + ಪಕ್ಕದ ತೋಟದವರು. ಪಲ್ಪಿಂಗ್ ಚಾರ್ಜು ಹಳೇದೇ ಸಾಕು ಅಂತ ಕೆಲವರು, ಆಗಲ್ಲ ಅಂತ ಗೌಡ್ರು. ಹಣ್ಣು ನ. 15ರ ಹೊತ್ತಿಗೆ. ಮುಂದಿನ ಮೀಟಿಂಗ್ 26.’

ಮೊದಲ ಓದಿನಲ್ಲಿ ನಾನು ಕೋಷ್ಟಕವನ್ನು ಮುಟ್ಟುವುದಿಲ್ಲ. ಪೆನ್ಸಿಲ್ ಹಿಡಿದು ಒಂದೊಂದು ತುಣುಕಿನ ಪಕ್ಕದಲ್ಲಿ ಅದು ಕೆಲಸವೋ, ತೀರ್ಮಾನವೋ, ಬರಿಯ ಮಾತೋ ಎಂದು ಗುರುತು ಹಾಕುತ್ತೇನೆ. ಮಳೆಯದು ಮಾತು, ಹೋದ ವರ್ಷದ ನಷ್ಟವೂ ಮಾತೇ. ಪಲ್ಪಿಂಗ್ ಚಾರ್ಜಿನದು ಕೆಲಸದಂತೆ ಕಂಡರೂ ಕೆಲಸವಲ್ಲ, ತೀರ್ಮಾನವೂ ಅಲ್ಲ. ಅದು ಮುಗಿಯದ ವಾದ. ಅದನ್ನು ‘ಚಾರ್ಜು ನಿಗದಿ ಮಾಡುವುದು’ ಎಂದು ಯಾರದೋ ಹೆಸರಿಗೆ ಬರೆದರೆ, ಸಭೆ ಕೊಡದ ಅಧಿಕಾರವನ್ನು ಕಾರ್ಯದರ್ಶಿ ಕೊಟ್ಟಂತಾಗುತ್ತದೆ. ಆದ್ದರಿಂದ ಅದು ಕೋಷ್ಟಕದ ಕೆಳಗೆ ‘ತೀರ್ಮಾನವಾಗದ್ದು, 26ಕ್ಕೆ’ ಎಂಬ ಒಂದೇ ಸಾಲಿಗೆ ಹೋಗುತ್ತದೆ.

ನಿಜವಾದ ತೊಡಕು ಇರುವುದು ಹೊಣೆಯ ಕಾಲಮ್ಮಿನಲ್ಲಿ, ಮತ್ತು ಅದಕ್ಕೆ ಅರ್ಧ ಕಾರಣ ನಾವು ಮಾತಾಡುವ ರೀತಿ. ‘ನೋಡಬೇಕು’ ಎಂದರೆ ಯಾರು ನೋಡಬೇಕೆಂದು ಹೇಳದೆಯೇ ವಾಕ್ಯ ಮುಗಿಯುತ್ತದೆ, ಕೇಳುವವರಿಗೂ ಏನೂ ಕೊರತೆ ಕಾಣುವುದಿಲ್ಲ. ‘ಮಾಡಿಸೋಣ’ ಎಂಬುದಂತೂ ಎರಡು ಕಡೆಯಿಂದ ಜಾರಿಕೊಳ್ಳುತ್ತದೆ. ‘ಓಣ’ ಎಂಬ ಕೊನೆಯಲ್ಲಿ ಕೂತವರೆಲ್ಲರೂ ಸೇರಿಹೋಗುತ್ತಾರೆ, ನಡುವಿನ ‘ಇಸು’ ಆ ಕೆಲಸವನ್ನು ಸಭೆಯಲ್ಲೇ ಇಲ್ಲದ ಇನ್ನೊಬ್ಬರ ಕೈಗೆ ದಾಟಿಸುತ್ತದೆ. ಹಿಂದೊಮ್ಮೆ ನಾನು ಹೊಣೆಯ ಕಾಲಮ್ಮಿನಲ್ಲಿ ‘ಮೆಕ್ಯಾನಿಕ್’ ಎಂದೇ ಬರೆದದ್ದುಂಟು. ಅವರು ನಮ್ಮ ಸಭೆಗೆ ಬಂದವರಲ್ಲ, ನಮ್ಮ ಗುಂಪಿನಲ್ಲಿ ಇರುವವರೂ ಅಲ್ಲ. ಹೊಣೆಯ ಕಾಲಮ್ಮಿಗೆ ಬರಬೇಕಾದದ್ದು ಮಾಡುವವರ ಹೆಸರಲ್ಲ, ಮಾಡಿಸುವವರ ಹೆಸರು. ಈಗ ನಾನು ನೋಡುವುದು ಇಷ್ಟೇ: ಟಿಪ್ಪಣಿಯಲ್ಲಿ ‘ಕರೆಸ್ತೀನಿ’, ‘ತರ್ತೀನಿ’ ಎಂದು ‘ನಾನು’ ಅಡಗಿರುವ ಕ್ರಿಯಾಪದವಿದೆಯೇ, ಇಲ್ಲವಾದರೆ ಎದುರಿಗೇ ಒಬ್ಬರ ಹೆಸರು ಹೇಳಿದಾಗ ಅವರು ಒಪ್ಪಿದ್ದಾರೆಯೇ? ಈ ಸಲ ಖಜಾಂಚಿಯವರು ‘ನಾನೇ ಕರೆಸ್ತೀನಿ’ ಎಂದು ಬಾಯಿಬಿಟ್ಟು ಹೇಳಿದ್ದಾರೆ, ಆದ್ದರಿಂದ ಹೆಸರು ನಿಸ್ಸಂಶಯವಾಗಿ ಕೂರುತ್ತದೆ. ‘ಅವ್ರೇ ನೋಡ್ಕೋತಾರೆ’ ಎಂಬುದು ಉಪಾಧ್ಯಕ್ಷರ ಮಾತಲ್ಲ, ಅವರ ಬಗ್ಗೆ ಬೇರೆ ಯಾರೋ ಆಡಿದ ಮಾತು. ಅಲ್ಲಿ ಹೆಸರಿನ ಮುಂದೆ ಪ್ರಶ್ನೆಚಿಹ್ನೆ ಬೀಳುತ್ತದೆ. ಟಾರ್ಪಾಲಿನ ಮುಂದೆ ಅಧ್ಯಕ್ಷರ ಹೆಸರಿದೆ, ಆದರೆ ಒಪ್ಪಿದರೋ ಇಲ್ಲವೋ ಎಂಬುದನ್ನು ನಾನು ಬರೆದುಕೊಂಡಿಲ್ಲ. ಅಲ್ಲಿಯೂ ಹಾಗೆಯೇ.

ಎರಡು ಹೆಸರುಗಳ ಸಾಲು ಇನ್ನೂ ಅಪಾಯದ್ದು. ‘ರೈಟ್ರು + ಪಕ್ಕದ ತೋಟದವರು’ ಎಂದು ಹಾಗೆಯೇ ಇಳಿಸಿದರೆ ಇಬ್ಬರೂ ಇನ್ನೊಬ್ಬರು ಎಲೆಕ್ಟ್ರಿಷಿಯನ್ನರಿಗೆ ಫೋನ್ ಮಾಡಿರುತ್ತಾರೆಂದು ಕಾಯುತ್ತಾರೆ. ಮೊದಲ ಫೋನ್ ಯಾರದೆಂದು ಇಬ್ಬರನ್ನೂ ಕೇಳಿ, ಅವರೊಬ್ಬರ ಹೆಸರನ್ನು ಹೊಣೆಗೆ ಹಾಕಿ, ಇನ್ನೊಬ್ಬರನ್ನು ‘ಜೊತೆಗೆ’ ಎಂದು ಬರೆಯುವುದು ನನ್ನ ಪದ್ಧತಿ.

ಗಡುವಿನ ಕಾಲಮ್ಮಿಗೆ ಬಂದರೆ, ನಮ್ಮ ಕಡೆ ದಿನಗಳನ್ನು ತಾರೀಖಿನಿಂದ ಹೇಳುವವರು ಕಡಿಮೆ. ‘ಹಾಸನಾಂಬೆ ಬಾಗಿಲು ಹಾಕಿದ ಮೇಲೆ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಬಲಿಪಾಡ್ಯಮಿಯ ಮರುದಿನ, ಈ ವರ್ಷ ಅಕ್ಟೋಬರ್ 23ಕ್ಕೆ, ಗರ್ಭಗುಡಿಯ ಬಾಗಿಲು ಮುಚ್ಚುತ್ತದೆ. ಆದರೆ ಅದನ್ನು ಗಡುವೆಂದು ಬರೆದರೆ ತಪ್ಪಾಗುತ್ತದೆ. ‘ಒಳಗೆ’ ಎಂದರೆ ಗಡುವು, ‘ಮೇಲೆ’ ಎಂದರೆ ಕೆಲಸ ಶುರುವಾಗಬಹುದಾದ ಮೊದಲ ದಿನ. ಕಣದ ಕೆಲಸ 24ರಿಂದ ಮುಂದೆ ಯಾವಾಗ ಬೇಕಾದರೂ ಆಗಬಹುದು, ಜನವರಿಯಲ್ಲಾದರೂ ಆ ಮಾತಿಗೆ ಭಂಗವಿಲ್ಲ. ಹಾಗಾಗಿ ಕೊನೆಯ ದಿನವನ್ನು ಟಿಪ್ಪಣಿಯ ಇನ್ನೊಂದು ತುದಿಯಿಂದ, ಅಂದರೆ ‘ಹಣ್ಣು ನ. 15ರ ಹೊತ್ತಿಗೆ’ ಎಂಬಲ್ಲಿಂದ ಹಿಂದಕ್ಕೆ ಎಣಿಸಬೇಕಾಯಿತು. ಬಿರುಕಿಗೆ ಹಾಕಿದ ಸಿಮೆಂಟಿಗೆ ಕನಿಷ್ಠ ಒಂದು ವಾರ ನೀರುಣಿಸಬೇಕು, ಮಳೆಯಿಂದ ತಡವಾದರೆ ಎಂದು ಇನ್ನು ಎರಡು ಮೂರು ದಿನ ಕೈಯಲ್ಲಿಟ್ಟುಕೊಳ್ಳಬೇಕು. ಲೆಕ್ಕ ನವೆಂಬರ್ 5ಕ್ಕೆ ಬಂದು ನಿಂತಿತು. ಮಾತಿನಲ್ಲಿ ಹಬ್ಬ ಕಳೆದ ಮೇಲೆ ಬೇಕಾದಷ್ಟು ಸಮಯವಿರುವಂತೆ ತೋರಿದ್ದ ಕೆಲಸಕ್ಕೆ ನಿಜವಾಗಿ ಸಿಗುವುದು ಹದಿಮೂರು ದಿನ.

ಪಲ್ಪರಿನ ಸಾಲನ್ನು ಎರಡು ಮಾಡಬೇಕಾಯಿತು. ತಗಡು ಹಾಕಿಸುವುದು ಒಂದು ದಿನ ಮುಗಿಯುವ ಕೆಲಸ, ಆದರೆ ಅಂತರ ಸರಿಯಾಗಿ ಕೂತಿದೆಯೇ ಎಂಬುದು ಹಣ್ಣು ಹಾಕಿ ಓಡಿಸದೆ ತಿಳಿಯುವುದಿಲ್ಲ. ಮರದಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣಾಗುವ ತನಕ ಅದನ್ನು ಪರೀಕ್ಷಿಸಲು ಬರುವುದೂ ಇಲ್ಲ. ಒಂದೇ ಸಾಲಿನಲ್ಲಿ ‘ರಿಪೇರಿ’ ಎಂದು ಬರೆದಿದ್ದರೆ, ಮೆಕ್ಯಾನಿಕ್ ಬಂದುಹೋದ ಸಂಜೆಯೇ ಅದರ ಮುಂದೆ ‘ಆಯಿತು’ ಎಂದು ಬಿದ್ದು, ಕತ್ತರಿಸಿದ ಬೀಜ ಮತ್ತೆ ಕಣಕ್ಕೆ ಬರುತ್ತಿತ್ತು.

ಫೇಸ್‌ಬುಕ್ಕಿನಲ್ಲಿ ಕೋಷ್ಟಕ ನೆಟ್ಟಗೆ ಕೂರುವುದಿಲ್ಲ, ಗೆರೆ ಎಳೆದು ಹಾಕಿದ್ದೇನೆ. ಪ್ರಶ್ನೆಚಿಹ್ನೆ ಇರುವುದೆಲ್ಲ ನನ್ನ ಊಹೆ ಅಥವಾ ನನ್ನ ಲೆಕ್ಕ, ಇಲ್ಲದಿರುವುದು ಸಭೆಯ ಮಾತು.

ಕೆಲಸ | ಹೊಣೆ | ಗಡುವು
ಪಲ್ಪರಿಗೆ ಹೊಸ ತಗಡು ಹಾಕಿಸುವುದು | ಖಜಾಂಚಿ | ಅ. 31?
ಮೊದಲ ಹಣ್ಣಿನಲ್ಲಿ ಪಲ್ಪರ್ ಓಡಿಸಿ ನೋಡುವುದು | ಖಜಾಂಚಿ? | ನ. 10?
ಕಣದ ಬಿರುಕು ಮುಚ್ಚಿಸುವುದು (ಅ. 24ಕ್ಕೆ ಮೊದಲು ಬೇಡ) | ಉಪಾಧ್ಯಕ್ಷರು? | ನ. 5?
ಟಾರ್ಪಾಲ್ 6 ತರುವುದು | ಅಧ್ಯಕ್ಷರು? | ನ. 8?
ಶೆಡ್ ವೈರಿಂಗ್ ಮಾಡಿಸುವುದು | ರೈಟ್ರು? (ಜೊತೆಗೆ ಪಕ್ಕದ ತೋಟದವರು) | –
ತೇವಾಂಶ ಮೀಟರ್ ಹುಡುಕುವುದು | – | –

ಗಡುವಿನ ಕಾಲಮ್ಮಿನಲ್ಲಿ ಪ್ರಶ್ನೆಚಿಹ್ನೆಯಿಲ್ಲದ ಒಂದು ತಾರೀಖೂ ಇಲ್ಲವೆಂಬುದನ್ನು ಗಮನಿಸಿ. ಎರಡು ಗಂಟೆ ನಡೆದ ಸಭೆಯಲ್ಲಿ ನಾವು ಒಂದೇ ಒಂದು ಗಡುವನ್ನೂ ಹೇಳಿರಲಿಲ್ಲ. ಪ್ಯಾರಾವನ್ನು ಓದಿದಾಗ ಇದು ನನಗೂ ಹೊಳೆದಿರಲಿಲ್ಲ, ಏಕೆಂದರೆ ‘ಬೇಗ’, ‘ಮೇಲೆ’, ‘ಹೊತ್ತಿಗೆ’ ಎಂಬ ಮಾತುಗಳು ತಾರೀಖಿನ ಹಾಗೆಯೇ ಕಾಣುತ್ತವೆ. ಸುಂದರವಾಗಿ ತುಂಬಿದ ಕೋಷ್ಟಕವನ್ನು ಕಳುಹಿಸಿದ್ದರೆ ಈ ಕೊರತೆ ಯಾರಿಗೂ ಕಾಣುತ್ತಿರಲಿಲ್ಲ.

ಕೋಷ್ಟಕ ಮುಗಿದ ಮೇಲೆ ಟಿಪ್ಪಣಿಗೆ ಮರಳಿ, ಕೋಷ್ಟಕಕ್ಕೆ ಹೋದ ಪ್ರತಿ ತುಣುಕಿನ ಮೇಲೂ ಗೆರೆ ಎಳೆಯುತ್ತೇನೆ. ಗೆರೆ ಬೀಳದೆ ಉಳಿದದ್ದು ಮಾತೋ ಮರೆವೋ ಎಂದು ನೋಡಿದರೆ ಬಿಟ್ಟುಹೋದ ಕೆಲಸ ಸಿಗುತ್ತದೆ. ಹಾಗೆಯೇ ಹಿಂದುಮುಂದಾಗಿ, ಟಿಪ್ಪಣಿಯಲ್ಲಿ ಬೆರಳಿಟ್ಟು ತೋರಿಸಲಾಗದ ಸಾಲು ಕೋಷ್ಟಕದಲ್ಲಿದ್ದರೆ ಅದು ನಾನು ಸೇರಿಸಿದ್ದು. ಮೇಲಿನ ಎರಡನೆಯ ಸಾಲು ಅಂಥದ್ದು, ಅದಕ್ಕೇ ಅಲ್ಲಿ ಎರಡೂ ಕೋಶಗಳಲ್ಲಿ ಪ್ರಶ್ನೆಚಿಹ್ನೆಯಿದೆ.

ಕೋಷ್ಟಕವನ್ನು ಸ್ಪ್ರೆಡ್‌ಶೀಟಿನಲ್ಲಿ ಮಾಡುವವರಿಗೆ ಒಂದು ಮಾತು. 05/11/2025 ಎಂದು ಬರೆದರೆ, ಶೀಟಿನ ದೇಶದ ಆಯ್ಕೆ ಅಮೆರಿಕ ಎಂದಿದ್ದಾಗ ಅದು ಮೇ 11 ಆಗುತ್ತದೆ. 31/10/2025 ಎಂಬುದು ತಾರೀಖೇ ಆಗದೆ ಬರಿಯ ಅಕ್ಷರಗಳಾಗಿ ಕೋಶದ ಎಡಕ್ಕೆ ಅಂಟಿಕೊಳ್ಳುತ್ತದೆ. ಗಡುವಿನ ಪ್ರಕಾರ ಜೋಡಿಸಿದಾಗ ಸಾಲುಗಳು ಚೆಲ್ಲಾಪಿಲ್ಲಿಯಾಗುವುದು ಇದರಿಂದಲೇ. 2025-11-05 ಎಂದು ಬರೆದರೆ ಈ ಗೊಂದಲವಿಲ್ಲ. ಪ್ರಶ್ನೆಚಿಹ್ನೆಯನ್ನು ತಾರೀಖಿಗೆ ಅಂಟಿಸದೆ ಪಕ್ಕದ ಕೋಶದಲ್ಲಿ ಇಡಬೇಕು, ಇಲ್ಲವಾದರೆ ಅದೂ ಅಕ್ಷರವಾಗಿಬಿಡುತ್ತದೆ.

ಸೋಮವಾರ ಬೆಳಿಗ್ಗೆ ಕೋಷ್ಟಕವನ್ನು ಗುಂಪಿಗೆ ಕಳುಹಿಸಿ, ಪ್ರಶ್ನೆಚಿಹ್ನೆ ಇರುವವರು ಹೌದೋ ಅಲ್ಲವೋ ಎಂದು ಸಂಜೆಯೊಳಗೆ ತಿಳಿಸಬೇಕೆಂದು ಕೋರಿದೆ. ಉಪಾಧ್ಯಕ್ಷರು ನವೆಂಬರ್ 5 ಆಗದು, ಮೇಸ್ತ್ರಿ ಸಿಗುವುದು 3ಕ್ಕೇ ಎಂದು ಬರೆದರು. ಎರಡು ದಿನ ಮೊದಲೇ ಆಯಿತು. ಅಧ್ಯಕ್ಷರು ಟಾರ್ಪಾಲ್ ತಮ್ಮ ಕೈಲಾಗದೆಂದರು, ಅದನ್ನು ಗೌಡರು ತೆಗೆದುಕೊಂಡರು. ವೈರಿಂಗಿನ ಇಬ್ಬರಲ್ಲಿ ಯಾರಿಂದಲೂ ಉತ್ತರ ಬರಲಿಲ್ಲ, ನಾನೇ ಫೋನ್ ಮಾಡಬೇಕಾಯಿತು. ಎರಡೂ ಕೋಶ ಖಾಲಿಯಿದ್ದ ಕೊನೆಯ ಸಾಲಿಗೆ ರಾತ್ರಿ ಒಂಬತ್ತರ ಹೊತ್ತಿಗೆ, ಸಭೆಯಲ್ಲಿ ಎರಡು ಗಂಟೆಯೂ ಮಾತಾಡದೆ ಕೂತಿದ್ದ ಹಿರಿಯರೊಬ್ಬರಿಂದ ಉತ್ತರ ಬಂತು: ‘ಮೀಟರ್ ನಮ್ಮನೆ ಅಟ್ಟದ ಮೇಲಿದೆ. ಯಾರೂ ನನ್ನ ಕೇಳ್ಲೇ ಇಲ್ವಲ್ಲ.’