ಚಟ್ನಿಪುಡಿಗೆ ರಸೀದಿ ಎಲ್ಲಿಂದ ತರೋದು?

"ಚಟ್ನಿಪುಡಿಗೂ ದುಡ್ಡು ಕೇಳಿದ್ಯಾ? ನಾಚ್ಕೆ ಆಗ್ಲಿಲ್ವೇನೋ ನಿಂಗೆ?" ಅಂದರು ಚಿಕ್ಕಪ್ಪ. ಫೋನಿನ ಆ ಕಡೆ ಇನ್ನೂ ಯಾರೋ ನಕ್ಕಿದ್ದು ಕೇಳಿಸಿತು. ಸೂಟ್‌ಕೇಸ್ ಕಳೆದುಕೊಂಡವನು ನಾನು, ಕಳೆದವರು ವಿಮಾನ ಕಂಪನಿಯವರು, ನಾಚಿಕೆ ಮಾತ್ರ ನನಗೇ ಆಗಬೇಕಂತೆ!

ನಾನಿರುವುದು ಜರ್ಮನಿಯ ಮೈನ್ಸ್‌ನಲ್ಲಿ. ಯುಗಾದಿಗೆ ಊರಿಗೆ ಬಂದವನು ಬೆಂಗಳೂರಿನಿಂದ ಕೊಲ್ಲಿಯ ಒಂದು ಊರಲ್ಲಿ ವಿಮಾನ ಬದಲಿಸಿ ಫ್ರಾಂಕ್‌ಫರ್ಟ್‌ಗೆ ವಾಪಸಾದೆ. ಬೆಲ್ಟ್ ತಿರುಗಿ ತಿರುಗಿ ನಿಂತಿತು, ನನ್ನ ಸೂಟ್‌ಕೇಸ್ ಬರಲಿಲ್ಲ. ಕೌಂಟರಿನಲ್ಲಿದ್ದ ಹುಡುಗಿ ಬಣ್ಣ ಕೇಳಿದಳು, ಒಂದು ಚಾರ್ಟ್ ತೋರಿಸಿ ಯಾವ ತರಹದ ಪೆಟ್ಟಿಗೆ ಅಂತ ಕೇಳಿದಳು. ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿದ್ದ ಚೀಟಿಯಿಂದ ಹತ್ತು ಅಂಕಿಯ ನಂಬರ್ ನೋಡಿ ಟೈಪ್ ಮಾಡಿ, ಒಂದು ಹಾಳೆ ಕೊಟ್ಟಳು. ಅದರ ಮೇಲೆ ನನ್ನ ಕೇಸಿನ ಗುರುತು: FRAXX24817. ಮೊದಲ ಮೂರು ಅಕ್ಷರ ವಿಮಾನ ನಿಲ್ದಾಣ, ಮುಂದಿನ ಎರಡು ಕಂಪನಿ (ಇಲ್ಲಿ ಬದಲಿಸಿ ಬರೆದಿದ್ದೇನೆ), ಆಮೇಲೆ ಐದು ಅಂಕಿ. ಆ ಹಾಳೆಗೆ ಪಿಐಆರ್ ಅನ್ನುತ್ತಾರೆ. ಅದಿಲ್ಲದೆ ನಿಲ್ದಾಣದ ಬಾಗಿಲು ದಾಟಿದರೆ ಮುಂದೆ ಎಲ್ಲವೂ ಕಷ್ಟ.

ಮನೆಗೆ ಬಂದು ಊರಿಗೆ ಫೋನ್ ಮಾಡಿದೆ. ಎಲ್ಲರದ್ದೂ ಒಂದೇ ಪ್ರಶ್ನೆ. "ಏರ್‌ಪೋರ್ಟಲ್ಲಿ ಯಾರಾದ್ರೂ ಗೊತ್ತಿರೋರು ಇದ್ದಾರಾ?" ಅಣ್ಣ ಆಗಲೇ ಯಾರ್‍ಯಾರಿಗೋ ಫೋನ್ ಹಚ್ಚಿದ್ದ. ಅಮ್ಮ ದೇವರಿಗೆ ಹರಕೆ ಹೊತ್ತಾಗಿತ್ತು. ಚಿಕ್ಕಪ್ಪನದು ಮಾತ್ರ ಖಚಿತ ತೀರ್ಪು: "ಹೋಗಿದ್ದು ಹೋಯ್ತು, ಸಿಕ್ಕಿದ್ರೆ ಪುಣ್ಯ."

ಎದುರುಮನೆಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಅವರಿಗೆ ವಿಷಯ ಹೇಳಿದರೆ ಅಯ್ಯೋ ಪಾಪ ಅನ್ನಲಿಲ್ಲ. "ರಸೀದಿಗಳು ಇವೆಯಾ?" ಅಂದರು. ಅವರ ಮನೆಯ ಒಂದು ಗೋಡೆಯ ತುಂಬ ದಪ್ಪ ಫೈಲುಗಳು. ವಾಷಿಂಗ್ ಮೆಷಿನ್ನಿನದು, ಮಳೆಕೋಟಿನದು, ಸತ್ತುಹೋದ ಬೆಕ್ಕಿನ ಡಾಕ್ಟರ್ ಬಿಲ್ಲು ಕೂಡ. ಮೊದಲು ಇದೆಲ್ಲ ನೋಡಿ ನಗು ಬರುತ್ತಿತ್ತು. ಆವತ್ತು ಬರಲಿಲ್ಲ.

ಅವರು ಹೇಳಿಕೊಟ್ಟದ್ದು ಇಷ್ಟು. ಪಿಐಆರ್ ಅನ್ನೋದು ಸಾಮಾನು ಬಂದಿಲ್ಲ ಅನ್ನುವ ವರದಿ ಮಾತ್ರ. ಪರಿಹಾರ ಬೇಕಾದರೆ ಕಂಪನಿಗೆ ಬೇರೆಯಾಗಿ ಬರೆಯಬೇಕು. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯ. 21 ದಿನ ಕಳೆದರೂ ಪೆಟ್ಟಿಗೆ ಬರದಿದ್ದರೆ, ಕಂಪನಿ ಒಪ್ಪಲಿ ಬಿಡಲಿ, ಅದು ಕಳೆದುಹೋಗಿದೆ ಅಂತಲೇ ಹಿಡಿದು ಹಕ್ಕು ಕೇಳಬಹುದು. ತಡವಾಗಿ ಕೈಸೇರಿದರೆ, ಸೇರಿದ ದಿನದಿಂದ 21 ದಿನದೊಳಗೆ ತಡದ ಬಗ್ಗೆ ಬರೆದು ಕೊಡಬೇಕು. ಮುರಿದು ಬಂದರೆ ಏಳೇ ದಿನ.

ಎಷ್ಟು ಕೇಳಬಹುದು ಅನ್ನುವುದಕ್ಕೂ ಮಿತಿ ಇದೆ. 2024ರ ಡಿಸೆಂಬರ್ 28ರಿಂದ ಅದು ಒಬ್ಬ ಪ್ರಯಾಣಿಕನಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯವರ ಲೆಕ್ಕದ ಹಣ. ದರ ದಿನವೂ ಏರಿಳಿಯುತ್ತದೆ, ಒಟ್ಟು ಸುಮಾರು 1,800 ಯೂರೋ ಅಂದುಕೊಳ್ಳಿ. ಪೆಟ್ಟಿಗೆಗೆ ಇಷ್ಟು, ಕಿಲೋಗೆ ಇಷ್ಟು ಅಂತಲ್ಲ, ತಲೆಗೆ ಇಷ್ಟು. ಆದರೆ ಪೆಟ್ಟಿಗೆ ಕಳೆದುಕೊಂಡ ಎಲ್ಲರಿಗೂ ಅಷ್ಟು ಸಿಗುತ್ತದೆ ಅಂತ ನಮ್ಮವರು ತಿಳಿದುಕೊಂಡಿರುತ್ತಾರೆ. ಸ್ಪೇನಿನಲ್ಲೂ ಒಬ್ಬ ಪ್ರಯಾಣಿಕರು ಹಾಗೆಯೇ ವಾದಿಸಿದ್ದರು, ಕಂಪನಿ 250 ಯೂರೋ ಕೊಡಲು ಬಂದಿತ್ತು. 2020ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದ್ದು: ಅದು ಗರಿಷ್ಠ ಮಿತಿ, ಕೈಗಿಡುವ ಇಡಿಗಂಟಲ್ಲ. ಏನೇನು ಕಳೆಯಿತು, ಅದರ ಬೆಲೆ ಎಷ್ಟು ಅಂತ ಪ್ರಯಾಣಿಕರೇ ತೋರಿಸಬೇಕು.

ಅಲ್ಲಿಗೆ ಮತ್ತೆ ರಸೀದಿಯ ಮಾತೇ ಬಂತು ಅಲ್ವಾ? ಜರ್ಮನಿಯಲ್ಲಿ ಕೊಂಡ ಜಾಕೆಟ್ಟು, ಶೂ, ಸೂಟ್‌ಕೇಸು, ಇವಕ್ಕೆ ಬಿಲ್ಲೋ ಬ್ಯಾಂಕ್ ಸ್ಟೇಟ್‌ಮೆಂಟೋ ಸಿಕ್ಕವು. ಹೆಂಡತಿಗೆ ತಂದ ಮೈಸೂರು ಸಿಲ್ಕ್ ಸೀರೆಗೆ ಕೆಎಸ್‌ಐಸಿ ಬಿಲ್ಲು ಇತ್ತು. ಅವರ ಸೀರೆಗೆ ಒಂದೊಂದಕ್ಕೂ ಬೇರೆ ಕೋಡ್ ನಂಬರ್ ಇರುತ್ತದೆ, ಹಾಲೋಗ್ರಾಂ ಇರುತ್ತದೆ, ಇಷ್ಟು ಗಟ್ಟಿ ಪುರಾವೆ ಇಲ್ಲಿನ ಅಂಗಡಿಯವರೂ ಕೊಡೋದಿಲ್ಲ. ಆಮೇಲೆ ಚಿಕ್ಕಪೇಟೆಯ ಹಿತ್ತಾಳೆ ದೀಪ. ಆ ಅಂಗಡಿಯವರು ಕೊಟ್ಟಿದ್ದು ಗುಲಾಬಿ ಬಣ್ಣದ ಚೀಟಿ, ಮೇಲೆ ದೊಡ್ಡದಾಗಿ "ಎಸ್ಟಿಮೇಟ್". ಅಂಗಡಿಯ ಹೆಸರಿಲ್ಲ, ಜಿಎಸ್‌ಟಿ ನಂಬರಿಲ್ಲ, ಸಹಿ ಇಲ್ಲ. "ಬಿಲ್ ಬೇಕಂದ್ರೆ ಜಾಸ್ತಿ ಆಗುತ್ತೆ ಸಾರ್" ಅಂದಿದ್ದರು. ಪಕ್ಕದಲ್ಲಿದ್ದ ಅಣ್ಣ, "ಸುಮ್ನೆ ಯಾಕೆ ಬಿಲ್ಲು, ಬಿಡಿ" ಅಂತ ನನ್ನ ಪರವಾಗಿ ಉತ್ತರ ಕೊಟ್ಟಿದ್ದ. ನಮ್ಮ ಊರಲ್ಲಿ ಬಿಲ್ಲು ಕೇಳುವವನು ಒಂದೋ ಇನ್‌ಕಮ್ ಟ್ಯಾಕ್ಸಿನವನು, ಇಲ್ಲ ಜಿಪುಣ. ನನಗಂತೂ ಇದು ಈಗ ಸಹಿಸಲು ಆಗುವುದಿಲ್ಲ. ನಾವೇ ಕೊಟ್ಟ ದುಡ್ಡಿಗೆ ಒಂದು ಗುರುತು ಇಟ್ಟುಕೊಳ್ಳಲು ಎಷ್ಟೊಂದು ಸಂಕೋಚ!

21 ದಿನ ದಾಟಿದ ಮೇಲೆ ನಾನು ಇಂಗ್ಲಿಷಿನಲ್ಲಿ ಕಳಿಸಿದ ಪತ್ರದ ತಿರುಳು ಹೀಗಿತ್ತು:

"ಕೇಸ್ ಗುರುತು FRAXX24817. ನನ್ನ ಸೂಟ್‌ಕೇಸ್ ಫ್ರಾಂಕ್‌ಫರ್ಟ್‌ಗೆ ಬಂದಿಲ್ಲ. 21 ದಿನ ಕಳೆದಿರುವುದರಿಂದ ಮಾಂಟ್ರಿಯಲ್ ಒಪ್ಪಂದದ 17ನೇ ವಿಧಿಯಂತೆ ನಷ್ಟ ಕೇಳುತ್ತಿದ್ದೇನೆ. ಸೂಟ್‌ಕೇಸ್ 140 ಯೂರೋ, ರೇಷ್ಮೆ ಸೀರೆ 240, ಚಳಿಗಾಲದ ಜಾಕೆಟ್ 180, ಶೂ 95, ಉಳಿದ ಬಟ್ಟೆಗಳು 260, ಹಿತ್ತಾಳೆ ದೀಪ 85, ಈಳಿಗೆಮಣೆ 12, ಮನೆಯಲ್ಲಿ ಮಾಡಿದ ತಿಂಡಿ ಮತ್ತು ಪುಡಿಗಳು 60. ಪೆಟ್ಟಿಗೆ ಕಾಯುತ್ತಿದ್ದಾಗ ಕೊಂಡ ಅಗತ್ಯದ ಬಟ್ಟೆ, ಸೋಪು ಇತ್ಯಾದಿ 118. ಒಟ್ಟು 1,190 ಯೂರೋ. ಇದು ಒಪ್ಪಂದದ ಮಿತಿಯೊಳಗಿದೆ. ಟಿಕೆಟ್, ಬ್ಯಾಗ್ ಚೀಟಿ, ಪಿಐಆರ್, ರಸೀದಿಗಳ ಪ್ರತಿ ಜೊತೆಗಿವೆ. 14 ದಿನದೊಳಗೆ ಈ ಖಾತೆಗೆ ಹಣ ಜಮೆ ಮಾಡಿ."

ಕೊನೆಯ ಆ ಗಡುವು ಟೀಚರ್ ಸೇರಿಸಿದ್ದು. "ದಯವಿಟ್ಟು ಬೇಗ ನೋಡಿ" ಅಂತ ನಾನು ಬರೆದಿದ್ದೆ. ಅವರು ಅದನ್ನು ಹೊಡೆದುಹಾಕಿ ತಾರೀಕು ಹಾಕಿಸಿದರು.

ಪುಡಿಗಳ 60 ಯೂರೋ ನೋಡಿಯೇ ಚಿಕ್ಕಪ್ಪ ನಕ್ಕಿದ್ದು. ನನ್ನ ಲೆಕ್ಕ ಸರಳ. ಎರಡು ಕಿಲೋ ಚಟ್ನಿಪುಡಿ, ಸಾರಿನಪುಡಿ, ಹಪ್ಪಳ, ಬಾಳಕದ ಮೆಣಸಿನಕಾಯಿ. ಇವನ್ನೇ ಫ್ರಾಂಕ್‌ಫರ್ಟಿನ ಭಾರತೀಯ ಅಂಗಡಿಯಲ್ಲಿ ಕೊಂಡರೆ ಎಷ್ಟಾಗುತ್ತದೋ ಅದರ ಬೆಲೆಪಟ್ಟಿ ಲಗತ್ತಿಸಿದೆ. ತುಪ್ಪ ಅದರಲ್ಲಿ ಇರಲಿಲ್ಲ. ಹಾಲಿನ ಪದಾರ್ಥವನ್ನು ಭಾರತದಿಂದ ಇಲ್ಲಿಗೆ ತರುವಂತಿಲ್ಲ, ಅದನ್ನು ಪಟ್ಟಿಯಲ್ಲಿ ಬರೆದಿದ್ದರೆ ಬೇರೆ ರಾಮಾಯಣ.

ಕಂಪನಿಯ ಮೊದಲ ಉತ್ತರ: ಸದ್ಭಾವನೆಯಿಂದ 300 ಯೂರೋ ಕೊಡುತ್ತೇವೆ, ಒಪ್ಪಿ ಸಹಿ ಮಾಡಿ. ಊರಲ್ಲಿ ಎಲ್ಲರೂ ಹಬ್ಬದ ಸುದ್ದಿ ಬಂದಂತೆ ಕುಣಿದರು. "ತಗೋ ತಗೋ, ಅಷ್ಟಾದ್ರೂ ಬಂತಲ್ಲ" ಅಂದ ಅಣ್ಣ. ನಾನು ಸಹಿ ಹಾಕಲಿಲ್ಲ. ಪೂರ್ತಿ ಇತ್ಯರ್ಥ ಅಂತ ಸಹಿ ಹಾಕಿದರೆ ಬಾಕಿ ಕೇಳುವ ದಾರಿ ಮುಚ್ಚಿದಂತೆಯೇ. ಯಾವ ಸಾಮಾನಿಗೆ ಎಷ್ಟು ಹಿಡಿದು 300 ಬಂತು, ಬಿಡಿಸಿ ತಿಳಿಸಿ ಅಂತ ಬರೆದೆ. ಅವರು ಎಸ್ಟಿಮೇಟ್ ಚೀಟಿಯನ್ನೂ ಪುಡಿಗಳನ್ನೂ ತಳ್ಳಿಹಾಕಿ, ಇವು ಪೆಟ್ಟಿಗೆಯಲ್ಲಿ ಇದ್ದವು ಅನ್ನುವುದಕ್ಕೆ ಆಧಾರ ಏನು ಅಂದರು.

ಆಧಾರ ಇತ್ತು. ಹೊರಡುವ ಹಿಂದಿನ ರಾತ್ರಿ ನಮ್ಮನೆಯಲ್ಲಿ ತೂಕದ ಗಲಾಟೆ ನಡೆದಿತ್ತು. 26 ಕಿಲೋ ಬಂತು, ಮೂರು ಕಿಲೋ ತೆಗೆಯಬೇಕು, ಏನು ತೆಗೆಯಲಿ ಅಂತ ಅತ್ತಿಗೆ ಬಿಚ್ಚಿದ ಪೆಟ್ಟಿಗೆಯ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ನಮ್ಮವರ ಈ ಚಟಕ್ಕೆ ನಾನು ಯಾವಾಗಲೂ ರೇಗುತ್ತೇನೆ. ಫೋಟೋದಲ್ಲಿ ದೀಪವಿದೆ, ಈಳಿಗೆಮಣೆಯಿದೆ, ಅಮ್ಮನ ಕೈಬರಹದ ಲೇಬಲ್ ಅಂಟಿಸಿದ ಪುಡಿ ಪೊಟ್ಟಣಗಳಿವೆ, ಮೂಲೆಯಲ್ಲಿ ಸೀರೆಯ ಡಬ್ಬಿಯೂ ಇದೆ. ತಾರೀಕು, ಸಮಯ ಎಲ್ಲ ಇದೆ. ಅದನ್ನೇ ಕಳಿಸಿದೆ. ದೀಪಕ್ಕೂ ಪುಡಿಗೂ ಪೂರ್ತಿ ದುಡ್ಡು ಬಂತು.

ಇನ್ನೊಂದನ್ನೂ ಹೇಳಿಬಿಡಬೇಕು, ಮನಸ್ಸಿಲ್ಲದಿದ್ದರೂ. ಕಂಪನಿಯ ಸಹಾಯವಾಣಿ ವಾರಗಟ್ಟಲೆ "ಹುಡುಕುತ್ತಿದ್ದೇವೆ" ಅನ್ನುವುದು ಬಿಟ್ಟು ಬೇರೇನೂ ಹೇಳಲಿಲ್ಲ. ವಿಮಾನಯಾನ ಸಂಸ್ಥೆಗಳ ಒಕ್ಕೂಟವಾದ ಐಎಟಿಎದ 753ನೇ ನಿರ್ಣಯದಂತೆ 2018ರಿಂದ ಪೆಟ್ಟಿಗೆಯ ಜಾಡನ್ನು ನಾಲ್ಕು ಕಡೆ ದಾಖಲಿಸಬೇಕು: ಕಂಪನಿಯ ಕೈಗೆ ಬಂದಾಗ, ವಿಮಾನಕ್ಕೆ ಏರಿಸುವಾಗ, ವಿಮಾನ ಬದಲಾಗುವಾಗ, ವಾಪಸ್ ಕೊಡುವಾಗ. ಆ ಜಾಡು ಕೊಡಿ ಅಂತ ಎರಡೆರಡು ಬಾರಿ ಬರೆದರೂ ಉತ್ತರವಿಲ್ಲ. ಅಣ್ಣನ ಸ್ನೇಹಿತನ ಭಾವಮೈದುನ ಒಬ್ಬರು ದೇವನಹಳ್ಳಿಯ ನಿಲ್ದಾಣದಲ್ಲಿ ಕೆಲಸ ಮಾಡುತ್ತಾರೆ. ಅವರು ಒಂದೇ ಸಂಜೆಯಲ್ಲಿ ವಿಚಾರಿಸಿ, "ಪೆಟ್ಟಿಗೆ ಬೆಂಗಳೂರಲ್ಲಿ ವಿಮಾನ ಹತ್ತಿದೆ, ನಮ್ಮ ಕಡೆ ಉಳಿದಿಲ್ಲ" ಅಂತ ತಿಳಿಸಿದರು. ಅಂದರೆ ಅದು ಕೊಲ್ಲಿಯ ಕಡೆಯೇ ಎಲ್ಲೋ ತಪ್ಪಿದೆ. ಪೆಟ್ಟಿಗೆ ಸಿಗಲಿಲ್ಲ, ಆದರೂ ರಾತ್ರಿ ನಿದ್ದೆ ಬಂತು. ಫೈಲುಗಳ ಆ ಗೋಡೆಯಿಂದ ಅದು ಆಗುತ್ತಿರಲಿಲ್ಲ.

ಅಂದಹಾಗೆ ಮಾಂಟ್ರಿಯಲ್ ಒಪ್ಪಂದದಲ್ಲಿ ಭಾರತವೂ 2009ರಿಂದ ಇದೆ. ಬೆಂಗಳೂರಿಗೆ ಬಂದು ಪೆಟ್ಟಿಗೆ ಕಳೆದುಕೊಂಡವರೂ ಇದೇ ಹಕ್ಕಿನಲ್ಲಿ ಕೇಳಬಹುದು, ಗ್ರಾಹಕರ ಆಯೋಗಕ್ಕೂ ಹೋಗಬಹುದು. ಕೇಳೋದಿಲ್ಲ, ಅಷ್ಟೇ.

ಕೊನೆಗೆ ನನ್ನ ಖಾತೆಗೆ ಬಂದಿದ್ದು 985 ಯೂರೋ. ಜಾಕೆಟ್ ಹಳೆಯದು ಅಂತ ಅದರಲ್ಲಿ 90, ಬಟ್ಟೆಗಳಲ್ಲಿ 115 ಕಳೆದಿದ್ದರು. ಬಳಸಿದ ಬಟ್ಟೆಗೆ ಹೊಸದರ ಬೆಲೆ ಸಿಗುವುದಿಲ್ಲ ಅನ್ನುವುದು ಸರಿಯೇ, ಆದರೆ ಆ ಜಾಕೆಟ್ಟು ಹಾಕಿದ್ದು ಎರಡೇ ಚಳಿಗಾಲ. ಎರಡು ವರ್ಷದೊಳಗೆ ಕೋರ್ಟಿಗೆ ಹೋಗಬಹುದು ಅಂತ ಟೀಚರ್ ಇನ್ನೂ ನೆನಪಿಸುತ್ತಲೇ ಇರುತ್ತಾರೆ. ಅವರಾಗಿದ್ದರೆ ಹೋಗುತ್ತಿದ್ದರು. 205 ಯೂರೋಗೆ ಕೋರ್ಟು ಹತ್ತುವಷ್ಟು ಜರ್ಮನ್ ನಾನಿನ್ನೂ ಆಗಿಲ್ಲ.